ಎರಡು ಶನಿವಾರ, ನಾಲ್ಕು ಪೀರಿಯಡ್, ಒಂದು ಪ್ರಬಂಧ

ಹತ್ತನೆಯ ತರಗತಿಯ ಮಕ್ಕಳಿಗೆ 'ನೀರಿನ ಮಿತ ಬಳಕೆ' ಎಂಬ ವಿಷಯ ಕೊಟ್ಟು ನೋಡಿ. ಇಪ್ಪತ್ತೆರಡು ಮಕ್ಕಳಲ್ಲಿ ಹದಿನೈದು ಮಂದಿಯಾದರೂ 'ನೀರು ಜೀವಜಲ, ನೀರಿಲ್ಲದೆ ಜೀವನವಿಲ್ಲ' ಎಂದು ಶುರು ಮಾಡುತ್ತಾರೆ. ಕೊನೆಯ ವಾಕ್ಯ 'ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ' ಎಂದಿರುತ್ತದೆ. ನಡುವೆ ಇರುವುದು ಗೈಡಿನಿಂದ ಬಂದ ಎಂಟು ಹತ್ತು ವಾಕ್ಯಗಳು. ಹೆಸರು ಮುಚ್ಚಿಟ್ಟರೆ ಯಾವ ಹಾಳೆ ಯಾರದೆಂದು ತಾಯಿಗೂ ಗೊತ್ತಾಗದು.

ನಾನು ವೃತ್ತಿಯಿಂದ ಸಾಫ್ಟ್‌ವೇರ್ ಕೆಲಸದವನು. ಕೆಲವು ವರ್ಷಗಳಿಂದ ಶನಿವಾರಗಳಲ್ಲಿ ಮುಂಬಯಿಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗಿ ಹತ್ತನೆಯ ತರಗತಿಗೆ ಪ್ರಬಂಧ ರಚನೆ ಹೇಳಿಕೊಡುತ್ತಿದ್ದೇನೆ. ಮಕ್ಕಳಲ್ಲಿ ಹೆಚ್ಚಿನವರ ಊರು ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯದು. ಮನೆಯಲ್ಲಿ ಊರಿನ ಕನ್ನಡ, ಬೀದಿಯಲ್ಲಿ ಹಿಂದಿ, ಅಂಗಡಿ ಬಸ್ಸುಗಳಲ್ಲಿ ಮರಾಠಿ. ಪುಸ್ತಕದ ಕನ್ನಡ ಇವರಿಗೆ ನಾಲ್ಕನೆಯ ಭಾಷೆಯ ಹಾಗೆ. ಹಾಗಾಗಿ ಗೈಡಿನ ವಾಕ್ಯಕ್ಕೆ ಜೋತುಬೀಳುವುದು ಸೋಮಾರಿತನದಿಂದಲ್ಲ. ಆ ವಾಕ್ಯದಲ್ಲಿ ತಪ್ಪಿರುವುದಿಲ್ಲ ಎಂಬ ಧೈರ್ಯಕ್ಕೆ. ಆದರೆ ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ತನ್ನ ಮನೆಯ ವಿಷಯವನ್ನು ಕನ್ನಡದಲ್ಲಿ ಒಂದು ಪುಟ ಬರೆಯಲಾಗದೆ ಶಾಲೆ ಬಿಟ್ಟರೆ, ಆಮೇಲೆ ಕಾಲೇಜಿನ ಇಂಗ್ಲಿಷು ಹಿಂದಿಗಳ ನಡುವೆ ಕನ್ನಡದಲ್ಲಿ ಬರೆಯಲು ಮತ್ತೆ ಪ್ರಯತ್ನಿಸುವ ಸಂದರ್ಭವೇ ಬರುವುದಿಲ್ಲ.

ಶಾಲೆಯಲ್ಲಿ ಸಾಮಾನ್ಯವಾಗಿ ಪ್ರಬಂಧ ಪಾಠ ಹೀಗಿರುತ್ತದೆ: ವಿಷಯ ಹೇಳುವುದು, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಶೀರ್ಷಿಕೆ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಮನೆಯಲ್ಲಿ ಬರೆದು ತರುವುದು, ಟೀಚರು ಕೆಂಪು ಶಾಯಿಯಲ್ಲಿ ತಿದ್ದುವುದು. ಇದರಲ್ಲಿ ಮೊದಲ ಕರಡೇ ಕೊನೆಯ ಪ್ರತಿ. ತಿದ್ದಿದ ಹಾಳೆಯನ್ನು ಮಗು ಅಂಕ ನೋಡಿ ಮಡಿಚಿಡುತ್ತದೆ. ಈ ಒಂದೇ ಕೆಲಸವನ್ನು ನಾಲ್ಕಾಗಿ ಒಡೆದರೆ ಏನಾಗುತ್ತದೆ ಎಂಬುದನ್ನು ಒಂದು ಪಾಠದ ಉದಾಹರಣೆಯಿಂದಲೇ ಹೇಳುತ್ತೇನೆ. 35 ನಿಮಿಷದ ನಾಲ್ಕು ಪೀರಿಯಡ್‌ಗಳು. ಎರಡು ಒಂದು ಶನಿವಾರ, ಇನ್ನೆರಡು ಮುಂದಿನ ಶನಿವಾರ. ನಡುವೆ ಒಂದು ವಾರದ ಅಂತರ ಬೇಕೆಂದೇ ಇಟ್ಟದ್ದು. ಬರೆದ ದಿನವೇ ಓದಿದರೆ ಮಗುವಿನ ಕಣ್ಣು ಹಾಳೆಯ ಮೇಲಿರುವುದನ್ನಲ್ಲ, ತಲೆಯಲ್ಲಿರುವುದನ್ನು ಓದುತ್ತದೆ.

ಮೊದಲ ಪೀರಿಯಡ್: ಯೋಜನೆ

ಮೊದಲ ಹತ್ತು ನಿಮಿಷ ಯಾರೂ ವಾಕ್ಯ ಬರೆಯುವಂತಿಲ್ಲ. ವಿಷಯದ ಬಗ್ಗೆ ಹೊಳೆದ ಹತ್ತು ಅಂಶಗಳನ್ನು ಒಂದೆರಡು ಪದಗಳಲ್ಲಿ ಪಟ್ಟಿ ಮಾಡಬೇಕು. ಆಮೇಲೆ ಪ್ರತಿ ಅಂಶದ ಮುಂದೆ ಒಂದು ಗುರುತು: ತಾನೇ ಕಂಡದ್ದಾದರೆ ಟಿಕ್, ಓದಿದ್ದೋ ಕೇಳಿದ್ದೋ ಆದರೆ ಸೊನ್ನೆ.

ಈ ಪಾಠದಲ್ಲಿ ನಾನು ಹಿಂಬಾಲಿಸುವ ಹುಡುಗಿಯ ಪಟ್ಟಿಯಲ್ಲಿ ಜಲಚಕ್ರ, ಮಳೆಕೊಯ್ಲು, ಅರಣ್ಯನಾಶ, ಅಂತರ್ಜಲ, ಮುಂಬಯಿಗೆ ನೀರು ಕೊಡುವ ತಾನ್ಸಾ, ಭಾತ್ಸಾ, ವೈತರಣಾ ಇವೆಲ್ಲ ಇದ್ದವು. ಎಲ್ಲಕ್ಕೂ ಸೊನ್ನೆ. ಟಿಕ್ ಬಿದ್ದದ್ದು ಮೂರಕ್ಕೆ: 'ಬೆಳಗ್ಗೆ ಐದಕ್ಕೆ ನಳ', 'ನೀಲಿ ಡ್ರಮ್ಮು', 'ನಿನ್ನೆಯ ನೀರು ಚೆಲ್ಲುವುದು'. ಸೊನ್ನೆಯ ಅಂಶಗಳು ಬೇಡವೆಂದಲ್ಲ. ಟಿಕ್ ಇರುವ ಕನಿಷ್ಠ ಎರಡು ಅಂಶಗಳು ಪ್ರಬಂಧದ ಮಧ್ಯದಲ್ಲಿ ಇರಲೇಬೇಕು, ಸೊನ್ನೆಯವು ಅವುಗಳಿಗೆ ಆಧಾರವಾಗಿ ಮಾತ್ರ ಬರಬೇಕು ಎಂಬುದು ನಿಯಮ.

ಮುಂದಿನ ಹತ್ತು ನಿಮಿಷದ ಕೆಲಸ ಅತ್ಯಂತ ಕಷ್ಟದ್ದು: ಇಡೀ ಪ್ರಬಂಧ ಏನು ಹೇಳಲಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ಇದಕ್ಕೆ ನಾನು 'ಬೆನ್ನೆಲುಬು ವಾಕ್ಯ' ಎನ್ನುತ್ತೇನೆ. ಅದಕ್ಕೊಂದು ಸರಳ ಪರೀಕ್ಷೆ ಇದೆ. ಆ ಮಾತಿಗೆ ಬುದ್ಧಿವಂತನೊಬ್ಬ 'ಇಲ್ಲ, ಹಾಗಲ್ಲ' ಎನ್ನಲು ಸಾಧ್ಯವೇ? 'ನೀರು ಅಮೂಲ್ಯ' ಎಂಬುದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಯಾರೂ ಇಲ್ಲ ಎನ್ನದ ಮಾತನ್ನು ವಿವರಿಸಲು, ಸಾಧಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿಯೇ ಆ ಪ್ರಬಂಧ ಎರಡನೆಯ ಪ್ಯಾರಾದಲ್ಲಿ ಏದುಸಿರು ಬಿಡುತ್ತದೆ.

ಹುಡುಗಿ ಮೊದಲು ಬರೆದದ್ದು 'ನೀರನ್ನು ವ್ಯರ್ಥ ಮಾಡಬಾರದು'. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆಯ ನೀರು ಯಾಕೆ ಚೆಲ್ಲತೀರಿ?" ಆಕೆ ಹೇಳಿದಳು: "ನಿನ್ನೆದ್ದು ಹಳೇದಾಗ್ತದ ಸರ್. ಹೊಸಾದು ತುಂಬಲಿಕ್ಕೆ ಡ್ರಮ್ ಖಾಲಿ ಬೇಕಲ್ಲ. ನಾಳಿಗಿ ಬರತಾವೋ ಇಲ್ಲೋ ಯಾರಿಗೆ ಗೊತ್ತು?" ಅವಳ ಪ್ರಬಂಧ ಆ ಉತ್ತರದಲ್ಲೇ ಇತ್ತು. ಎರಡನೆಯ ಸಲ ಅವಳು ಬರೆದ ವಾಕ್ಯ ಇದು: 'ನಮ್ಮ ಚಾಳಿನಲ್ಲಿ ನೀರು ವ್ಯರ್ಥವಾಗುವುದು ನೀರು ಹೆಚ್ಚಾಗಿರುವುದರಿಂದಲ್ಲ, ನಾಳೆ ಬರುವುದಿಲ್ಲವೇನೋ ಎಂಬ ಹೆದರಿಕೆಯಿಂದ.' ಇದಕ್ಕೆ 'ಇಲ್ಲ' ಎನ್ನಬಹುದು. ಹಾಗಾಗಿ ಇದನ್ನು ತೋರಿಸಿಕೊಡಬೇಕಾಗುತ್ತದೆ, ತೋರಿಸಲು ಒಂದು ಪುಟ ಬೇಕಾಗುತ್ತದೆ.

ಉಳಿದ ಹದಿನೈದು ನಿಮಿಷದಲ್ಲಿ ಹಾಳೆಯ ಮೇಲೆ ಐದು ಚೌಕ ಬರೆದು, ಯಾವ ಚೌಕದಲ್ಲಿ ಯಾವ ಅಂಶ ಎಂದು ತುಂಬುತ್ತಾರೆ. ಅವಳ ಚೌಕಗಳು: ಬೆಳಗಿನ ನಳ, ಡ್ರಮ್ ತುಂಬುವ ಕೆಲಸ, ನಿನ್ನೆಯ ನೀರು ಎಲ್ಲಿ ಹೋಗುತ್ತದೆ, ಹಾಗೇಕೆ ಮಾಡುತ್ತಾರೆ, ಏನು ಮಾಡಬಹುದು. ಮೊದಲ ಚೌಕ ಪೀಠಿಕೆ, ಕೊನೆಯದು ಉಪಸಂಹಾರ. ಟೀಚರು ಕಲಿಸಿದ ಮೂರು ಭಾಗಗಳಿಗೆ ಇದರಿಂದ ಯಾವ ಧಕ್ಕೆಯೂ ಇಲ್ಲ.

ಎರಡನೆಯ ಪೀರಿಯಡ್: ಕರಡು

ಕರಡಿಗೆ ನಾಲ್ಕು ನಿಯಮ. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಬೇಕು, ಮುಂದಿನ ವಾರದ ತಿದ್ದುಪಡಿಗೆ ಜಾಗ ಬೇಕಲ್ಲ. ರಬ್ಬರು, ವೈಟ್ನರು ಚೀಲದಲ್ಲೇ ಇರಬೇಕು. ಬೇಡವಾದದ್ದಕ್ಕೆ ಒಂದು ಗೆರೆ ಎಳೆದರೆ ಸಾಕು. ಎರಡನೆಯ ಚೌಕದಿಂದ ಆರಂಭಿಸಬೇಕು, ಪೀಠಿಕೆಯನ್ನು ಕೊನೆಗೆ ಬರೆಯಬೇಕು. ಗೈಡಿನ ವಾಕ್ಯಗಳು ಒಳಗೆ ನುಸುಳುವ ಬಾಗಿಲು ಪೀಠಿಕೆಯೇ. ವಿಷಯದ ಮಧ್ಯದಿಂದ ಶುರು ಮಾಡಿದವರಿಗೆ 'ಜೀವಜಲ' ಬೇಕಾಗುವುದೇ ಇಲ್ಲ. ನಾಲ್ಕನೆಯದು, ಪುಸ್ತಕದ ಪದ ಹೊಳೆಯದಿದ್ದರೆ ನಿಲ್ಲದೆ ಮನೆಯ ಮಾತನ್ನೇ ಬರೆದು ಅಡಿಗೆರೆ ಎಳೆಯಬೇಕು. 'ನಳಕ್ಕ ನೀರ ಬರತಾವ' ಎಂದು ಬರೆದರೂ ಕರಡಿನಲ್ಲಿ ಅದು ತಪ್ಪಲ್ಲ.

ಈ ನಾಲ್ಕನೆಯ ನಿಯಮದ ಬಗ್ಗೆ ಶಾಲೆಯ ಕನ್ನಡ ಟೀಚರಿಗೆ ಅನುಮಾನವಿತ್ತು. ಮನೆಮಾತು ಹಾಳೆಗೆ ಬಂದರೆ ಪರೀಕ್ಷೆಯಲ್ಲೂ ಬರುತ್ತದೆ ಎಂಬುದು ಅವರ ಆತಂಕ. ನಿಜವಾದ ಆತಂಕವೇ ಅದು. ಆದರೆ ಒಂದು ಪದಕ್ಕಾಗಿ ಪೆನ್ನು ನಿಂತಾಗ ಮಗುವಿನ ಕೈಯಿಂದ ಜಾರುವುದು ಆ ಪದವಷ್ಟೇ ಅಲ್ಲ, ಹೇಳಹೊರಟ ವಿಚಾರವೂ ಜಾರುತ್ತದೆ. ಆಗ ತನಗೆ ಪದಗಳು ಗೊತ್ತಿರುವ ವಿಚಾರಕ್ಕೆ, ಅಂದರೆ ಗೈಡಿನದಕ್ಕೆ, ಮರಳುತ್ತದೆ. ಅಡಿಗೆರೆ ಎಳೆದರೆ ವಿಚಾರ ಉಳಿಯುತ್ತದೆ, ಪದದ ಸಾಲ ಕೊನೆಯ ಪೀರಿಯಡ್‌ನಲ್ಲಿ ತೀರುತ್ತದೆ.

ಬರೆಯಲು 25 ನಿಮಿಷ ಮೌನ. ನಾನೂ ಒಂದು ಕಡೆ ಕೂತು ಅದೇ ವಿಷಯದ ಮೇಲೆ ಬರೆಯುತ್ತೇನೆ. ನಡುನಡುವೆ ತಲೆಯೆತ್ತಿ ನೋಡುವುದು ಯಾರ ಪೆನ್ನು ನಿಂತಿದೆ ಎಂದಲ್ಲ, ಯಾರ ಪೆನ್ನು ಒಮ್ಮೆಯೂ ನಿಂತಿಲ್ಲ ಎಂದು. ಚೌಕದ ಹಾಳೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ ಸರಸರನೆ ಬರೆಯುವ ಮಗು ಬಾಯಿಪಾಠ ಇಳಿಸುತ್ತಿದೆ ಎಂದೇ ಅರ್ಥ. ಸದ್ದಿಲ್ಲದೆ ಹೋಗಿ ಚೌಕದ ಹಾಳೆಯನ್ನು ಅದರ ಮುಂದೆ ಸರಿಸಿಟ್ಟರೆ ಸಾಕು.

ಹುಡುಗಿಯ ಕರಡಿನ ಮಧ್ಯದ ಭಾಗ ಹೀಗಿತ್ತು:

> 'ನಮ್ಮ ಚಾಳಿನಲ್ಲಿ ಬೆಳಗ್ಗೆ ಐದು ಗಂಟೆಗೆ ನೀರು ಬರುತ್ತದೆ. ಎಲ್ಲರೂ ನೀರು ತುಂಬುತ್ತಾರೆ. ನೀರು ಬಹಳ ಮಹತ್ವದ್ದು. ಅನೇಕ ಜನರು ನೀರನ್ನು ವ್ಯರ್ಥ ಮಾಡುತ್ತಾರೆ. ನಿನ್ನೆಯ ನೀರನ್ನು ಮೋರಿಗೆ ಚೆಲ್ಲುತ್ತಾರೆ. ಇದು ತಪ್ಪು. ಅರಣ್ಯನಾಶದಿಂದ ಮಳೆ ಕಡಿಮೆಯಾಗುತ್ತಿದೆ. ಆದ್ದರಿಂದ ನಾವು ಮರಗಳನ್ನು ಬೆಳೆಸಬೇಕು.'

ಬೆನ್ನೆಲುಬು ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಕರಡು ಬರೆಯುವಾಗ ಹಳೆಯ ಅಭ್ಯಾಸ ಮತ್ತೆ ಎಳೆಯುತ್ತದೆ. ಯೋಜನೆಯ ಪಾಠ ಮಾಡಿ ನಿಲ್ಲಿಸುವ ಶಿಕ್ಷಕರಿಗೆ ನಿರಾಶೆಯಾಗುವುದು ಇಲ್ಲೇ. ಹೆದರಿಕೆಯ ಮಾತು ಪೂರ್ತಿ ಬಿಟ್ಟುಹೋಗಿದೆ, ಅರಣ್ಯನಾಶ ಹಿಂತಿರುಗಿ ಬಂದಿದೆ. ಹಾಳೆಗಳನ್ನು ನಾನು ಸಂಗ್ರಹಿಸಿಡುತ್ತೇನೆ, ಆದರೆ ಒಂದಕ್ಷರವನ್ನೂ ತಿದ್ದುವುದಿಲ್ಲ.

ಮೂರನೆಯ ಪೀರಿಯಡ್: ಸಹಪಾಠಿಯ ಓದು

ಹಾಳೆ ಬದಲಾಯಿಸಿಕೊಂಡು ನೋಡಿ ಎಂದಷ್ಟೇ ಹೇಳಿದರೆ ಮಕ್ಕಳು ಮಾಡುವುದು ಎರಡೇ: 'ಚಲೋ ಅದ' ಎನ್ನುವುದು, ಇಲ್ಲವೇ ಒತ್ತಕ್ಷರ, ದೀರ್ಘಗಳನ್ನು ಹುಡುಕಿ ಸುತ್ತು ಹಾಕುವುದು. ಎರಡರಿಂದಲೂ ಬರೆದವರಿಗೆ ಪ್ರಯೋಜನವಿಲ್ಲ. ಮೊದಲನೆಯದರಿಂದ ಏನೂ ಬದಲಾಗುವುದಿಲ್ಲ. ಎರಡನೆಯದರಿಂದ ಒಂದು ಟೊಳ್ಳು ಪ್ರಬಂಧ ತಪ್ಪಿಲ್ಲದ ಟೊಳ್ಳು ಪ್ರಬಂಧವಾಗುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿಗೆ ಕೊಡಬೇಕು. ಅಲ್ಲಿಯೂ 'ಚೆನ್ನಾಗಿದೆ' ಎಂಬ ಟಿಪ್ಪಣಿಗೆ ಬೆಲೆಯಿಲ್ಲ. ಇಂಥ ಸಾಲಿನಲ್ಲಿ ನನಗೆ ಇದು ಅರ್ಥವಾಗಲಿಲ್ಲ ಎಂಬ ಟಿಪ್ಪಣಿಗೆ ಬೆಲೆ. ಅದೇ ನಿಯಮವನ್ನು ತರಗತಿಗೆ ತಂದೆ. ಓದುಗರಿಗೆ ಒಂದು ಚೀಟಿ, ಅದರಲ್ಲಿ ಮೂರು ಕೆಲಸ:

1. ಈ ಪ್ರಬಂಧ ಏನು ಹೇಳುತ್ತಿದೆ? ಒಂದೇ ವಾಕ್ಯದಲ್ಲಿ ಬರೆ.
2. ನಿನ್ನ ಕಣ್ಣಿಗೆ ಕಟ್ಟಿದಂತೆ ಕಂಡ ಒಂದು ವಾಕ್ಯವನ್ನು ಎತ್ತಿ ಬರೆ.
3. ಎಲ್ಲಿ ಇನ್ನೂ ತಿಳಿಯಬೇಕೆನಿಸಿತು? ಎರಡು ಪ್ರಶ್ನೆ ಕೇಳು.

ಅಕ್ಷರ ತಪ್ಪು ಕಂಡರೂ ಈ ಪೀರಿಯಡ್‌ನಲ್ಲಿ ಮುಟ್ಟುವಂತಿಲ್ಲ. ಬರೆದವರು ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಕೊಡುವಂತಿಲ್ಲ. ಇದು ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಆದರೆ ಬಾಯಲ್ಲಿ ಹೇಳಿ ಮುಗಿಸಿದ ಉತ್ತರ ಹಾಳೆಗೆ ಇಳಿಯುವುದಿಲ್ಲ. ಹೇಳಲಾಗದೆ ಉಳಿದದ್ದು ಮುಂದಿನ ಪೀರಿಯಡ್‌ನಲ್ಲಿ ತಾನೇ ಬರೆಸಿಕೊಳ್ಳುತ್ತದೆ.

ಮೊದಲ ಎಂಟು ನಿಮಿಷ ನಾನು ಬರೆದ ಕರಡನ್ನೇ ಗಟ್ಟಿಯಾಗಿ ಓದಿ, ಇಡೀ ತರಗತಿ ಸೇರಿ ಚೀಟಿ ತುಂಬುತ್ತದೆ. ಸರ್ ಬರೆದದ್ದರಲ್ಲೂ ಪ್ರಶ್ನೆ ಕೇಳಬಹುದು ಎಂದು ಒಮ್ಮೆ ಗೊತ್ತಾದರೆ ಸಂಕೋಚ ಇಳಿಯುತ್ತದೆ. ಆಮೇಲೆ ಜೋಡಿಗಳು, ತಲಾ ಹದಿಮೂರು ನಿಮಿಷ. ಜೋಡಿಯನ್ನು ನಾನೇ ಹಾಕುತ್ತೇನೆ. ಆಪ್ತ ಗೆಳೆಯರಿಬ್ಬರನ್ನು ಕೂರಿಸಿದರೆ ಪ್ರಶ್ನೆ ಹುಟ್ಟುವುದಿಲ್ಲ, ಒಬ್ಬರ ಮನೆಯ ಕಥೆ ಇನ್ನೊಬ್ಬರಿಗೆ ಮೊದಲೇ ಗೊತ್ತಿರುತ್ತದೆ. ತುಂಬ ಚುರುಕಾದವರನ್ನು ತುಂಬ ಹಿಂದುಳಿದವರ ಜೊತೆ ಹಾಕಿದರೆ ಒಬ್ಬ ಟೀಚರಾಗುತ್ತಾನೆ, ಇನ್ನೊಬ್ಬ ತಲೆಯಾಡಿಸುತ್ತಾನೆ. ಅಕ್ಷರ ಓದಲಾಗದಿದ್ದರೆ ಬರೆದವರೇ ಗಟ್ಟಿಯಾಗಿ ಓದಿ ಹೇಳಲಿ.

ನಮ್ಮ ಹುಡುಗಿಗೆ ಜೋಡಿಯಾದವನು ಕಟ್ಟಡವೊಂದರ ವಾಚ್‌ಮನ್‌ನ ಮಗ, ಚಾಳಿನಲ್ಲಿ ಎಂದೂ ಇದ್ದವನಲ್ಲ. ಅವನ ಚೀಟಿ:

> '1. ಮರ ಬೆಳೆಸಬೇಕು ಎಂದು ಹೇಳುತ್ತದೆ. 2. ನಿನ್ನೆಯ ನೀರನ್ನು ಮೋರಿಗೆ ಚೆಲ್ಲುತ್ತಾರೆ. 3. ಅಷ್ಟು ಬೇಗ ಎದ್ದು ತುಂಬಿದ ನೀರನ್ನು ಯಾಕೆ ಚೆಲ್ಲುತ್ತಾರೆ? ಡ್ರಮ್ಮಿನಲ್ಲಿ ಎಷ್ಟು ನೀರು ಉಳಿದಿರುತ್ತದೆ?'

ಚೀಟಿಯ ಮೊದಲ ಉತ್ತರವನ್ನು ಬೆನ್ನೆಲುಬು ವಾಕ್ಯದ ಪಕ್ಕ ಇಟ್ಟು ನೋಡುವುದು ಬರೆದವರ ಮುಖ್ಯ ಕೆಲಸ. ಎರಡೂ ಹೊಂದದಿದ್ದರೆ ತಪ್ಪು ಓದಿದವನದಲ್ಲ, ಹಾಳೆಯದು. 'ನಾನು ಹೆದರಿಕೆ ಅಂತ ಬರೆಯಬೇಕಂತಿದ್ದೆ, ಇವನಿಗೆ ಮರ ಕಂಡಿದೆ' ಎಂದು ಅವಳು ಮುಖ ಸಣ್ಣ ಮಾಡಿದಳು. ಕೆಂಪು ಶಾಯಿಯಲ್ಲಿ ನಾನು 'ವಿಷಯಾಂತರ' ಎಂದು ಬರೆದಿದ್ದರೆ ಆ ಮುಖ ಹಾಗಾಗುತ್ತಿರಲಿಲ್ಲ, ಮರುದಿನಕ್ಕೆ ಮರೆತುಹೋಗುತ್ತಿತ್ತು.

ನಾಲ್ಕನೆಯ ಪೀರಿಯಡ್: ಪರಿಷ್ಕರಣೆ

ಅಮೆರಿಕದ ನ್ಯಾನ್ಸಿ ಸೋಮರ್ಸ್ ಎಂಬ ಶಿಕ್ಷಣತಜ್ಞೆ 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮತ್ತು ನುರಿತ ಬರಹಗಾರರು ತಮ್ಮ ಬರಹವನ್ನು ಹೇಗೆ ತಿದ್ದಿಕೊಳ್ಳುತ್ತಾರೆಂದು ಹೋಲಿಸಿ ನೋಡಿದ್ದರು. ವಿದ್ಯಾರ್ಥಿಗಳು ಬಹುಮಟ್ಟಿಗೆ ಪದಗಳನ್ನು ಬದಲಿಸುತ್ತಿದ್ದರು. ನುರಿತವರು ತಾವು ಹೇಳುತ್ತಿರುವುದರ ಆಕಾರವನ್ನೇ ಹುಡುಕುತ್ತಿದ್ದರು, ಓದುಗ ಏನು ಕೇಳಿಯಾನು ಎಂದು ಯೋಚಿಸುತ್ತಿದ್ದರು. ನಮ್ಮ ತರಗತಿಯಲ್ಲೂ 'ತಿದ್ದಿ ಬರೆಯಿರಿ' ಎಂದರೆ ಮಕ್ಕಳಿಗೆ ಕೇಳಿಸುವುದು 'ಅಂದವಾಗಿ ನಕಲು ಮಾಡಿ' ಎಂದು. ಆದ್ದರಿಂದ ಈ ಪೀರಿಯಡ್ ಅನ್ನು ಎರಡು ತುಂಡು ಮಾಡಿ, ಎರಡನ್ನೂ ಬೆರೆಸದಂತೆ ನೋಡಿಕೊಳ್ಳಬೇಕು.

ಮೊದಲ 22 ನಿಮಿಷ ವಿಚಾರದ ಪರಿಷ್ಕರಣೆ. ಮೂರೇ ಕ್ರಿಯೆ: ಸೇರಿಸುವುದು, ತೆಗೆಯುವುದು, ಸ್ಥಳ ಬದಲಿಸುವುದು. ಪ್ರತಿಯೊಂದನ್ನೂ ಒಂದು ಸಲವಾದರೂ ಮಾಡಲೇಬೇಕು. ಸೇರಿಸುವುದನ್ನು ಬಿಟ್ಟ ಸಾಲಿನಲ್ಲಿ ಬರೆಯಬೇಕು, ತೆಗೆಯುವುದಕ್ಕೆ ಗೆರೆ, ಸ್ಥಳ ಬದಲಾವಣೆಗೆ ಬಾಣ. ತೆಗೆಯುವುದು ಮಕ್ಕಳಿಗೆ ಎಲ್ಲಕ್ಕಿಂತ ನೋವಿನ ಕೆಲಸ. ಬರೆದದ್ದೇ ಒಂದೂವರೆ ಪುಟ, ಅದರಲ್ಲೂ ಮೂರು ವಾಕ್ಯ ಕಳೆದುಕೊಳ್ಳಬೇಕೆ ಎಂಬ ಸಂಕಟ. ಅದಕ್ಕೆ ಮೊದಲು ಸೇರಿಸಲು ಹೇಳುತ್ತೇನೆ. ಹೊಸ ವಾಕ್ಯಗಳು ಬಂದ ಮೇಲೆ ಹಳೆಯವು ಭಾರವೆಂದು ಅವರಿಗೇ ಕಾಣತೊಡಗುತ್ತದೆ.

ಕೊನೆಯ 13 ನಿಮಿಷ ಭಾಷೆಗೆ. ಅಡಿಗೆರೆ ಎಳೆದ ಮನೆಮಾತುಗಳಿಗೆ ಈಗ ಪುಸ್ತಕದ ರೂಪ ಹುಡುಕಬೇಕು. 'ನೀರ ಬರತಾವ' ಎಂಬುದು 'ನೀರು ಬರುತ್ತದೆ' ಆಗುತ್ತದೆ. ಆದರೆ 'ನಳ'ವನ್ನು 'ನಲ್ಲಿ' ಮಾಡಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಬರಹದಲ್ಲೂ ನಡೆಯುವ ಪದ ಅದು. ಯಾರದಾದರೂ ಬಾಯಿಂದ ಬಂದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಹಾಗೆಯೇ ಬಿಡಬಹುದು. ಅಕ್ಷರ ತಪ್ಪು ಹುಡುಕಲು ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ವಾಕ್ಯ ಓದಿಸುತ್ತೇನೆ. ಹಾಗೆ ಓದಿದಾಗ ಅರ್ಥದ ಓಟಕ್ಕೆ ಕಣ್ಣು ಸಿಕ್ಕಿಬೀಳುವುದಿಲ್ಲ, 'ಅಕ್ಕಿ'ಯ ಒತ್ತು ಬಿಟ್ಟುಹೋಗಿದ್ದರೆ ಕಾಣುತ್ತದೆ.

ಪರಿಷ್ಕರಿಸಿದ ಮೇಲೆ ಅದೇ ಭಾಗ ಹೀಗಾಯಿತು:

> 'ಬೆಳಗ್ಗೆ ಐದಕ್ಕೆ ನಳಕ್ಕೆ ನೀರು ಬರುವ ಮೊದಲು ಅಮ್ಮ ಡ್ರಮ್ ಖಾಲಿ ಮಾಡುತ್ತಾಳೆ. ಕೆಲವು ದಿನ ಅದರಲ್ಲಿ ಅರ್ಧದಷ್ಟು ನೀರು ಇರುತ್ತದೆ. ಅದು ಮೋರಿಗೆ ಹೋಗುತ್ತದೆ. ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ ಹೀಗೆಯೇ. ನೀರು ಹೆಚ್ಚಾಗಿ ಚೆಲ್ಲುವುದಲ್ಲ. "ನಾಳಿಗಿ ಬರತಾವೋ ಇಲ್ಲೋ" ಎಂದು ಅಮ್ಮ ಹೇಳುತ್ತಾಳೆ. ನಾಳೆ ಬಾರದಿದ್ದರೆ ಎರಡು ದಿನ ಹಳೆಯ ನೀರು ಕುಡಿಯಬೇಕಾಗುತ್ತದೆ ಎಂದು ಹೆದರಿ, ಇಂದಿನ ಹೊಸ ನೀರಿಗೆ ಜಾಗ ಮಾಡುತ್ತಾಳೆ. ನೀರು ಬರುವ ಸಮಯ ನಂಬುವಂತಿದ್ದರೆ ಅಮ್ಮ ಡ್ರಮ್ ಚೆಲ್ಲುತ್ತಿರಲಿಲ್ಲ.'

ಅರಣ್ಯನಾಶ ಹೋಯಿತು, 'ಇದು ತಪ್ಪು' ಹೋಯಿತು. ಗೆಳೆಯನ ಎರಡೂ ಪ್ರಶ್ನೆಗಳಿಗೆ ಉತ್ತರ ಬಂತು. ಕೊನೆಯ ವಾಕ್ಯ ಯಾವ ಗೈಡಿನಲ್ಲೂ ಸಿಗದು. ಉಪಸಂಹಾರದಲ್ಲಿ ಅವಳು ನಿನ್ನೆಯ ನೀರನ್ನು ಬಟ್ಟೆಗೆ, ನೆಲ ಒರೆಸಲು ಬೇರೆ ಬಕೆಟ್ಟಿನಲ್ಲಿ ತೆಗೆದಿಡಬಹುದೆಂದು ಬರೆದಳು. ಅದು 'ನೀರನ್ನು ಉಳಿಸೋಣ' ಎಂಬುದಕ್ಕಿಂತ ಚಿಕ್ಕ ಮಾತು, ಆದರೆ ಮಾಡಬಹುದಾದ ಮಾತು.

ಅಂಕ, ಪರೀಕ್ಷೆ, ಮಿತಿಗಳು

ಅಂದದ ಪ್ರತಿಯನ್ನು ಮನೆಯಲ್ಲಿ ಬರೆದು, ಚೌಕದ ಹಾಳೆ, ಕರಡು, ಚೀಟಿ ಎಲ್ಲವನ್ನೂ ಪಿನ್ ಮಾಡಿ ಕೊಡಬೇಕು. ನಾನು ಕರಡನ್ನೂ ಕೊನೆಯ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಬದಲಾದದ್ದು ಪದಗಳು ಮಾತ್ರವೇ, ವಿಚಾರವೂ ಬದಲಾಯಿತೇ? ಕೈಬರಹ ಮಾತ್ರ ಅಂದವಾಗಿದ್ದರೆ ಮೂರನೆಯ ಪೀರಿಯಡ್ ಕೆಲಸ ಮಾಡಿಲ್ಲವೆಂದು ಲೆಕ್ಕ. ಆ ಜೋಡಿಯ ಚೀಟಿ ತೆಗೆದು ನೋಡಿದರೆ ಸಾಮಾನ್ಯವಾಗಿ ಮೂರನೆಯ ಉತ್ತರದ ಜಾಗ ಖಾಲಿ ಇರುತ್ತದೆ ಅಥವಾ 'ಎಲ್ಲಾ ತಿಳಿಯಿತು' ಎಂದಿರುತ್ತದೆ.

ಟೀಚರು ಕೇಳಿದ ಇನ್ನೊಂದು ಪ್ರಶ್ನೆ ಎಲ್ಲ ಪೋಷಕರದೂ ಹೌದು. ಪರೀಕ್ಷೆಯಲ್ಲಿ ಎರಡು ಶನಿವಾರ ಎಲ್ಲಿಂದ ಬರಬೇಕು? ಬರುವುದಿಲ್ಲ. ಆದರೆ ಪ್ರಬಂಧಕ್ಕೆ 20 ನಿಮಿಷವಿದ್ದರೆ ನಾಲ್ಕು ನಿಮಿಷ ಟಿಕ್ ಮತ್ತು ಬೆನ್ನೆಲುಬು ವಾಕ್ಯಕ್ಕೆ, ಹದಿಮೂರು ನಿಮಿಷ ಬರವಣಿಗೆಗೆ, ಮೂರು ನಿಮಿಷ ಮರು ಓದಿಗೆ ಹಂಚಬಹುದು. ಸಹಪಾಠಿ ಅಲ್ಲಿರುವುದಿಲ್ಲ, ಆದರೆ ಅವನ ಚೀಟಿ ನಾಲ್ಕೈದು ಸಲ ಓದಿದ ಮಗುವಿಗೆ 'ಯಾಕೆ? ಎಷ್ಟು?' ಎಂಬ ಪ್ರಶ್ನೆಗಳು ಒಳಗಿನಿಂದಲೇ ಕೇಳಿಸುತ್ತವೆ. ಒಂದೇ ಸಲ ಮಾಡಿದರೆ ಇದು ಬರುವುದಿಲ್ಲ. ವರ್ಷದಲ್ಲಿ ನಾಲ್ಕು ಪ್ರಬಂಧಗಳನ್ನು ಹೀಗೆ ಪೂರ್ತಿ ಬರೆಸುವುದು, ಹನ್ನೆರಡು ಪ್ರಬಂಧಗಳನ್ನು ಬರೀ ಬರೆಸಿ ತಿದ್ದುವುದಕ್ಕಿಂತ ಮೇಲು ಎಂಬುದು ನನ್ನ ಅನುಭವ.

ಎಲ್ಲ ಕಡೆಯೂ ಇದು ಹೀಗೆಯೇ ನಡೆಯುವುದಿಲ್ಲ. ಎರಡನೆಯ ಶನಿವಾರ ಐದು ಮಕ್ಕಳು ಬಾರದಿದ್ದರೆ ಜೋಡಿಗಳು ಮುರಿಯುತ್ತವೆ. ಆಗ ಮೂವರ ಗುಂಪು ಮಾಡಿ ಒಂದೇ ಪ್ರಬಂಧಕ್ಕೆ ಎರಡು ಚೀಟಿ ಬರೆಸುತ್ತೇನೆ. ಐವತ್ತು ಮಕ್ಕಳ ತರಗತಿಯಲ್ಲಿ ಬೆನ್ನೆಲುಬು ವಾಕ್ಯದ ಬಗ್ಗೆ ಒಬ್ಬೊಬ್ಬರನ್ನೂ ಮಾತಾಡಿಸಲಾಗದು. ಬೆಂಚಿಗೊಂದರಂತೆ ವಾಕ್ಯ ಓದಿಸಿ 'ಇದಕ್ಕೆ ಇಲ್ಲ ಎನ್ನಬಹುದೇ?' ಎಂದು ಇಡೀ ತರಗತಿಯನ್ನೇ ಕೇಳಬೇಕು. ಇನ್ನು ಕೆಲವು ಮಕ್ಕಳಿಗೆ ಮನೆಯ ವಿಷಯ ಇನ್ನೊಬ್ಬರ ಕಣ್ಣಿಗೆ ಬೀಳುವುದು ಇಷ್ಟವಿರುವುದಿಲ್ಲ. ಟಿಕ್ ಹಾಕುವ ಮೊದಲೇ ಈ ಹಾಳೆಯನ್ನು ಸಹಪಾಠಿ ಓದುತ್ತಾನೆ ಎಂದು ಹೇಳಿಬಿಡಬೇಕು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಮಗುವಿನದೇ ಆಗಿರಬೇಕು.

ನಿಮ್ಮೂರಿನ ಕನ್ನಡ ಸಂಘದಲ್ಲಿ ಭಾನುವಾರದ ತರಗತಿ ನಡೆಸುವವರಿದ್ದರೆ, ಸಮಯ ಕಡಿಮೆಯೆಂದು ಒಂದು ಹಂತವನ್ನು ಕೈಬಿಡಲೇಬೇಕಾದರೆ ಕರಡನ್ನು ಮನೆಗೆ ಕೊಡಿ. ಯೋಜನೆ, ಚೀಟಿ, ಪರಿಷ್ಕರಣೆ ಈ ಮೂರೂ ತರಗತಿಯಲ್ಲೇ ಆಗಲಿ. ಮನೆಯಲ್ಲಿ ಒಬ್ಬರೇ ಕೂತು ಬರೆಯಬಹುದು, ಆದರೆ 'ತುಂಬಿದ ನೀರನ್ನು ಯಾಕೆ ಚೆಲ್ಲುತ್ತಾರೆ?' ಎಂದು ಕೇಳಲು ಎದುರಿಗೆ ಇನ್ನೊಬ್ಬರು ಬೇಕು.